ರೋಗಿಯ ಮಂಚದ ಪಕ್ಕ ನಿಮ್ಮ ಸೆಂಟು

ಭಾನುವಾರ ಸಂಜೆ ನಾಲ್ಕೂವರೆ. ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಲಿಫ್ಟಿನ ಮುಂದೆ ಈ ಹೊತ್ತಿಗೆ ಜನ ಸೇರಿರುತ್ತಾರೆ. ಒಬ್ಬರ ಕೈಯಲ್ಲಿ ಎಳನೀರು, ಇನ್ನೊಬ್ಬರ ಕೈಯಲ್ಲಿ ಸೇಬಿನ ಚೀಲ, ಮತ್ತೊಬ್ಬರ ಕೈಯಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣ. ರೋಗಿಯನ್ನು ನೋಡಲು ಹೊರಟವರು ಮನೆಯಿಂದ ಹೊರಡುವಾಗ ಕೊಂಚ ಅಚ್ಚುಕಟ್ಟಾಗಿಯೇ ಹೊರಟಿದ್ದಾರೆ. ಇಸ್ತ್ರಿ ಅಂಗಿ, ಮುಡಿಗೆ ಒಂದು ಮೊಳ ಮಲ್ಲಿಗೆ, ಕಂಕುಳಿಗೆ ಬಾಡಿ ಸ್ಪ್ರೇ, ಕಿವಿಯ ಹಿಂದೆ ಒಂದು ತೊಟ್ಟು ಅತ್ತರು. ಲಿಫ್ಟಿನ ಬಾಗಿಲು ಮುಚ್ಚಿದಾಗ ಎಂಟು ಮಂದಿಯ ಎಂಟು ಬಗೆಯ ಪರಿಮಳಗಳು ಒಂದಾಗುತ್ತವೆ. ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ, ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತ ಒಬ್ಬರು ಸೆರಗಿನ ತುದಿಯನ್ನು ಮೂಗಿಗೆ ಒತ್ತಿ ಹಿಡಿದಿದ್ದಾರೆ. ಅವರನ್ನು ಯಾರೂ ಗಮನಿಸಿಲ್ಲ. ಗಮನಿಸಿದರೂ ಆಸ್ಪತ್ರೆಯ ಫಿನಾಯಿಲು ಅವರಿಗೆ ಆಗುತ್ತಿಲ್ಲವೇನೋ ಎಂದುಕೊಳ್ಳುತ್ತಾರೆ.

ಆಸ್ಪತ್ರೆಗೆ ಹೋಗುವಾಗ ಗಟ್ಟಿಯಾಗಿ ಮಾತಾಡಬಾರದು, ಮೊಬೈಲು ಸುಮ್ಮನಾಗಿಸಬೇಕು, ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಎಂಬುದೆಲ್ಲ ನಮಗೆ ಗೊತ್ತು. ಸೆಂಟಿನ ವಿಷಯ ಮಾತ್ರ ಅರೆಬರೆ ಗೊತ್ತು. ‘ಜಾಸ್ತಿ ಹಾಕಿಕೊಳ್ಳಬಾರದು’ ಎನ್ನುತ್ತಾರೆ. ಎಷ್ಟು ಹಾಕಿಕೊಂಡರೆ ಜಾಸ್ತಿ, ಯಾರ ಮುಂದೆ ಜಾಸ್ತಿ, ಬೆಳಿಗ್ಗೆ ಹಾಕಿಕೊಂಡದ್ದು ಸಂಜೆಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದರೆ ಉತ್ತರವಿಲ್ಲ. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ತಲೆಬಿಸಿ ಇಲ್ಲ. ಅಲ್ಲಿನ ಆಸ್ಪತ್ರೆಗಳು ಸುಗಂಧ ಹಾಕಿಕೊಂಡು ಬರಬೇಡಿ ಎಂದು ಬಾಗಿಲಲ್ಲೇ ಕೇಳಿಕೊಳ್ಳುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2009ರಲ್ಲೇ ತನ್ನ ಕಚೇರಿಗಳಲ್ಲಿ ಇಂಥ ನಿಯಮ ತಂದಿತು. ನಮ್ಮಲ್ಲಿ ಬೋರ್ಡು ಅಪರೂಪ. ಆದ್ದರಿಂದ ಕಾರಣ ತಿಳಿದಿರುವುದೇ ಒಳ್ಳೆಯದು.

ಹಾಕಿಕೊಂಡವರಿಗೆ ಗೊತ್ತಾಗುವುದಿಲ್ಲ

ಮೊದಲ ತೊಡಕು ನಮ್ಮ ಮೂಗಿನದ್ದೇ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಗಣನೆಗೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಹೊಸ ವಾಸನೆ ಬಂದರೆ ಗೊತ್ತಾಗಲಿ ಎಂದು ಹಳೆಯದನ್ನು ಬದಿಗೆ ಸರಿಸುವ ಏರ್ಪಾಡು ಅದು. ಹಾಗಾಗಿ ಬೆಳಿಗ್ಗೆ ಏಳಕ್ಕೆ ಹಾಕಿಕೊಂಡ ಸೆಂಟು ಎಂಟಕ್ಕೆ ನಮ್ಮ ಪಾಲಿಗೆ ಇಲ್ಲವಾಗುತ್ತದೆ, ಪಕ್ಕದವರ ಪಾಲಿಗೆ ಇದ್ದೇ ಇರುತ್ತದೆ. ಒಂದೇ ಸೆಂಟನ್ನು ವರ್ಷಗಟ್ಟಲೆ ಬಳಸುವವರು ‘ಯಾಕೋ ಈ ಬಾಟಲಿ ಮೊದಲಿನಷ್ಟು ಸ್ಟ್ರಾಂಗ್ ಇಲ್ಲ’ ಎಂದು ದಿನೇ ದಿನೇ ಒಂದೊಂದು ಸಲ ಹೆಚ್ಚು ಒತ್ತುವುದು ಇದೇ ಕಾರಣಕ್ಕೆ.

ಎರಡನೆಯದು, ಸೆಂಟು ಹಾರಿಹೋಗುವ ರೀತಿ. ಬಾಟಲಿಯ ಸೆಂಟಿನಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲು. ಕೊಲೋನಿನಲ್ಲಿ ಸುಗಂಧದ ಅಂಶ ನೂರಕ್ಕೆ ಎರಡರಿಂದ ಐದು ಪಾಲಿನಷ್ಟಿದ್ದರೆ, ‘ಓ ದ ಪರ್ಫ್ಯೂಮ್’ ಎಂದು ಬರೆದಿರುವುದರಲ್ಲಿ ಹದಿನೈದರಿಂದ ಇಪ್ಪತ್ತರವರೆಗೂ ಇರುತ್ತದೆ. ಆಲ್ಕೋಹಾಲು ನಿಮಿಷದಲ್ಲಿ ಆರುತ್ತದೆ. ನಿಂಬೆ, ಕಿತ್ತಳೆಯಂಥ ಹಗುರ ಪರಿಮಳಗಳು ಅರ್ಧ ಗಂಟೆಯೊಳಗೆ ಹೋಗುತ್ತವೆ. ಹೂವಿನವು ಕೆಲವು ಗಂಟೆ ನಿಲ್ಲುತ್ತವೆ. ಕಸ್ತೂರಿಯಂಥವು, ಶ್ರೀಗಂಧ, ವೆನಿಲ್ಲಾ ಇವೆಲ್ಲ ತೂಕದವು. ಮೈಮೇಲೆ ದಿನವಿಡೀ ಇರುತ್ತವೆ, ಬಟ್ಟೆಯ ಮೇಲಾದರೆ ಮರುದಿನಕ್ಕೂ ಉಳಿಯುತ್ತವೆ. ಅತ್ತರಿನಲ್ಲಿ ಆಲ್ಕೋಹಾಲು ಇಲ್ಲ. ಕನೌಜಿನ ಸಾಂಪ್ರದಾಯಿಕ ಅತ್ತರು ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ ಮಾಡಿದ್ದು. ಎಣ್ಣೆಯಾದ್ದರಿಂದ ಅದು ಚರ್ಮಕ್ಕೆ ಅಂಟಿ ಕೂರುತ್ತದೆ, ಬರೀ ನೀರಿಗೆ ಜಗ್ಗುವುದಿಲ್ಲ.

ಸೆಂಟೇ ಹಾಕಿಕೊಳ್ಳದವರೂ ಇದರಿಂದ ಹೊರತಲ್ಲ. ಬಟ್ಟೆ ಒಗೆದ ಮೇಲೆ ಅದ್ದುವ ಕಂಡೀಷನರುಗಳಲ್ಲಿ ಎಷ್ಟೋ ಕಡೆ ಪರಿಮಳವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ತುಂಬಿರುತ್ತಾರೆ. ಬಟ್ಟೆ ಉಜ್ಜಿದಾಗಲೆಲ್ಲ ಅವು ಒಡೆದು ಹೊಸದಾಗಿ ಘಮ್ಮೆನ್ನುತ್ತವೆ. ರೋಗಿಯನ್ನು ತಬ್ಬಿಕೊಂಡಾಗ, ಹೊದಿಕೆ ಸರಿಪಡಿಸಲು ಬಗ್ಗಿದಾಗ ಆಗುವುದು ಇದೇ.

ತನ್ನ ವಾಸನೆ ತನಗೆ ತಿಳಿಯಬೇಕಾದರೆ ಒಂದು ಉಪಾಯವಿದೆ. ದಿನವಿಡೀ ಉಟ್ಟ ಬಟ್ಟೆಯನ್ನು ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಮುಖ ತೊಳೆದ ಕೂಡಲೇ, ಕಾಫಿಗೂ ಮೊದಲು, ಚೀಲ ಬಿಚ್ಚಿ ಮೂಸಬೇಕು. ಪಕ್ಕದಲ್ಲಿ ಕೂತವರಿಗೆ ಸಿಕ್ಕಿದ್ದು ಏನೆಂದು ಆಗ ಗೊತ್ತಾಗುತ್ತದೆ.

ಕೀಮೋ ಆದವರ ಮೂಗು

ಕಾಯಿಲೆಯವರಲ್ಲಿ ವಾಸನೆಯಿಂದ ಅತಿ ಹೆಚ್ಚು ಕಷ್ಟಪಡುವವರು ಯಾರು ಎಂದರೆ ನಾನು ಮೊದಲು ಹೆಸರಿಸುವುದು ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರನ್ನು. ದಮ್ಮಿನವರಿಗೆ ಕೈಯಲ್ಲಿ ಇನ್‌ಹೇಲರ್ ಇರುತ್ತದೆ. ಅರೆತಲೆನೋವಿನವರಿಗೆ ತಮಗೆ ಯಾವುದು ಆಗದು ಎಂದು ವರ್ಷಗಳಿಂದ ಗೊತ್ತಿರುತ್ತದೆ, ಎದ್ದು ಹೋಗುತ್ತಾರೆ. ಕೀಮೋ ಆದವರಿಗೆ ಇದು ಹೊಸದು. ನಿನ್ನೆ ಹಿತವಾಗಿದ್ದ ಒಗ್ಗರಣೆಯ ವಾಸನೆ ಇವತ್ತು ಯಾಕೆ ಹೊಟ್ಟೆ ತೊಳಸುತ್ತದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ.

ಕೀಮೋ ಔಷಧಿಗಳಲ್ಲಿ ಕೆಲವು ವಾಂತಿಗೆ ಹೆಸರುವಾಸಿ. ಸಿಸ್‌ಪ್ಲಾಟಿನ್ ಅಂಥದ್ದು. ಅದು ಎರಡು ಸುತ್ತಿನಲ್ಲಿ ಕಾಡುತ್ತದೆ. ಔಷಧಿ ಕೊಟ್ಟ ಮೊದಲ ಇಪ್ಪತ್ತನಾಲ್ಕು ಗಂಟೆ ಒಂದು ಸುತ್ತು. ಆಮೇಲೆ ಎರಡನೇ, ಮೂರನೇ ದಿನಕ್ಕೆ ಏರಿ, ಐದು ದಿನದವರೆಗೂ ಎಳೆಯುವುದು ಇನ್ನೊಂದು ಸುತ್ತು. ಮೊದಲ ದಿನ ಆಸ್ಪತ್ರೆಯಲ್ಲಿ ವಾಂತಿ ತಡೆಯುವ ಇಂಜೆಕ್ಷನ್ನು ಬಿದ್ದಿರುತ್ತದೆ, ನೋಡಿಕೊಳ್ಳಲು ಸಿಸ್ಟರ್ ಇರುತ್ತಾರೆ. ನೆಂಟರು ಬರುವುದು ಸಾಮಾನ್ಯವಾಗಿ ‘ಮನೆಗೆ ಬಂದರಂತೆ’ ಎಂದು ಸುದ್ದಿ ತಿಳಿದ ಮೇಲೆ, ಅಂದರೆ ಎರಡನೇ ಮೂರನೇ ದಿನ. ಹೊಟ್ಟೆ ಅತ್ಯಂತ ಸೂಕ್ಷ್ಮವಾಗಿರುವ ದಿನಗಳೇ ಅವು.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ವಾಂತಿಯ ಹೊತ್ತಿನಲ್ಲಿ ಹತ್ತಿರವಿದ್ದ ವಾಸನೆಯನ್ನೋ ರುಚಿಯನ್ನೋ ಮೆದುಳು ವಾಂತಿಯ ಜೊತೆಗೇ ಗಂಟುಹಾಕಿ ಇಟ್ಟುಕೊಳ್ಳುತ್ತದೆ. ಇಲೀನ್ ಬರ್ನ್‌ಸ್ಟೀನ್ ಎಂಬ ಸಂಶೋಧಕಿ 1978ರಲ್ಲಿ ರುಚಿಯ ವಿಷಯದಲ್ಲಿ ಇದನ್ನು ಕ್ಯಾನ್ಸರಿನ ಮಕ್ಕಳಲ್ಲಿ ತೋರಿಸಿದರು. ಹೊಟ್ಟೆ ಕೆಡಿಸುವ ಕೀಮೋಗೆ ಮುಂಚೆ ಮಕ್ಕಳಿಗೆ ಅವರು ಹಿಂದೆ ತಿನ್ನದ ರುಚಿಯ ಐಸ್‌ಕ್ರೀಮು ಕೊಟ್ಟರು. ಮುಂದೆ ಎಂದೋ ಅದೇ ಐಸ್‌ಕ್ರೀಮು ಎದುರಿಗಿಟ್ಟಾಗ ಆ ಮಕ್ಕಳಲ್ಲಿ ಬಹಳ ಮಂದಿ ಅದನ್ನು ಬೇಡವೆಂದರು. ಐಸ್‌ಕ್ರೀಮಿನ ತಪ್ಪೇನೂ ಇರಲಿಲ್ಲ, ಆ ಹೊತ್ತಿನಲ್ಲಿ ಅದು ಅಲ್ಲಿತ್ತು, ಅಷ್ಟೆ. ಕೆಲವು ರೋಗಿಗಳಿಗೆ ಮೂರು ವಾರ ಬಿಟ್ಟು ಮುಂದಿನ ಕೀಮೋಗೆ ಬಂದಾಗ ವಾರ್ಡಿನ ಸ್ಪಿರಿಟ್ಟು ಮೂಗಿಗೆ ತಾಕಿದರೆ ಸಾಕು, ಸೂಜಿ ಚುಚ್ಚುವ ಮೊದಲೇ ಓಕರಿಕೆ ಶುರುವಾಗುತ್ತದೆ.

ಈಗ ಐಸ್‌ಕ್ರೀಮಿನ ಜಾಗದಲ್ಲಿ ಸೊಸೆಯ ಸೆಂಟನ್ನು ಇಟ್ಟು ನೋಡಿ. ಪ್ರೀತಿಯಿಂದ ದಿನವೂ ಬಂದು ಮಂಚದ ಪಕ್ಕ ಕೂತು ಗಂಜಿ ಕುಡಿಸುವ ಸೊಸೆ. ಅತ್ತೆಗೆ ಅವಳೆಂದರೆ ಅಕ್ಕರೆ, ಆದರೆ ಅವಳು ಬಾಗಿಲಲ್ಲಿ ಕಾಣಿಸಿದರೆ ಹೊಟ್ಟೆ ತೊಳಸುತ್ತದೆ. ಯಾಕೆಂದು ಇಬ್ಬರಿಗೂ ಅರ್ಥವಾಗುವುದಿಲ್ಲ. ‘ನಾನು ಬಂದರೆ ಮುಖ ತಿರುಗಿಸುತ್ತಾರೆ’ ಎಂದು ಸೊಸೆಗೆ ಬೇಸರ. ಕೀಮೋ ನಡೆಯುವಷ್ಟೂ ತಿಂಗಳು ಮನೆಯ ಸೆಂಟಿನ ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಎಂದು ನಾನು ಹೇಳುವುದು ಇದಕ್ಕಾಗಿ. ನೋಡಿಕೊಳ್ಳುವವರು ಬಳಸುವ ಸೋಪು, ತಲೆಗೆಣ್ಣೆ, ಪೌಡರು ಯಾವುದನ್ನೂ ಆ ಅವಧಿಯಲ್ಲಿ ಹೊಸದಕ್ಕೆ ಬದಲಿಸದಿದ್ದರೆ ಇನ್ನೂ ಒಳ್ಳೆಯದು.

ರೋಗಿಗಳು ಬಾಯಿಬಿಟ್ಟು ಹೇಳುವುದು ಕಡಿಮೆ. ಬಂದವರಿಗೆ ನೋವಾಗುತ್ತದೆ ಎಂದು ಸಹಿಸಿಕೊಳ್ಳುತ್ತಾರೆ. ಆದರೆ ಗುರುತುಗಳಿರುತ್ತವೆ. ಮತ್ತೆ ಮತ್ತೆ ಎಂಜಲು ನುಂಗುತ್ತಾರೆ, ತುಟಿ ಬಿಗಿಯುತ್ತಾರೆ, ಹಣೆಯಲ್ಲಿ ಬೆವರೊಡೆಯುತ್ತದೆ, ಉತ್ತರಗಳು ಒಂದೊಂದೇ ಮಾತಿಗೆ ಇಳಿಯುತ್ತವೆ, ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಉಬ್ಬಸದವರಾದರೆ ಒಣ ಕೆಮ್ಮು, ಗಂಟಲು ಸರಿಪಡಿಸಿಕೊಳ್ಳುವುದು, ಭುಜ ಎತ್ತಿ ಉಸಿರೆಳೆಯುವುದು, ಮಾತು ಮುಗಿಸಲಾಗದೆ ನಡುವೆ ನಿಲ್ಲಿಸುವುದು. ಇವುಗಳಲ್ಲಿ ಒಂದು ಕಂಡರೂ ‘ಏನಾಯ್ತು, ಏನಾಯ್ತು’ ಎಂದು ಇನ್ನಷ್ಟು ಹತ್ತಿರ ಬಗ್ಗುವುದು ನಮ್ಮ ಸಹಜ ಸ್ವಭಾವ. ಮಾಡಬೇಕಾದದ್ದು ಅದರ ತದ್ವಿರುದ್ಧ: ಎರಡು ಹೆಜ್ಜೆ ಹಿಂದೆ ಸರಿದು ಕಿಟಕಿ ತೆಗೆಯಬೇಕು.

ಉಬ್ಬಸದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಅವರಿಗೆ ಸೆಂಟಿನ ಅಲರ್ಜಿ ಇಲ್ಲ, ಟೆಸ್ಟ್ ಮಾಡಿಸಿದ್ದಾರೆ’ ಎನ್ನುತ್ತಾರೆ. ಅಲರ್ಜಿ ಇರಲೇಬೇಕೆಂದಿಲ್ಲ. ಮೊದಲೇ ಉರಿತುಂಬಿದ ಶ್ವಾಸನಾಳ ಯಾವುದೇ ಘಾಟಿಗೂ ಮುದುಡಿಕೊಳ್ಳುತ್ತದೆ. ಘಾಟು ಒಗ್ಗರಣೆಯ ಮೆಣಸಿನಕಾಯಿಯದ್ದೋ, ದುಬಾರಿ ಫ್ರೆಂಚ್ ಸೆಂಟಿನದ್ದೋ ಎಂದು ಅದು ನೋಡುವುದಿಲ್ಲ.

ಛತ್ರದಿಂದ ಆಸ್ಪತ್ರೆಗೆ

ಒಂದು ಸಂದರ್ಭವನ್ನು ಪೂರ್ತಿ ಬಿಡಿಸಿ ನೋಡೋಣ. ನಮ್ಮಲ್ಲಿ ಇದು ಮದುವೆ ಕಾಲದಲ್ಲಿ ಪದೇ ಪದೇ ಬರುವಂಥದ್ದು. ಬೆಳಿಗ್ಗೆ ಮುಹೂರ್ತ, ಮಧ್ಯಾಹ್ನ ಊಟ. ಅಷ್ಟು ದೂರದಿಂದ ಬೆಂಗಳೂರಿಗೆ ಬಂದದ್ದೇ ಆಯಿತು, ಹಾಗೇ ಚಿಕ್ಕಮ್ಮನನ್ನೂ ನೋಡಿಕೊಂಡು ಹೋಗೋಣ ಎಂದು ಛತ್ರದಿಂದ ನೇರವಾಗಿ ನಾಲ್ಕು ಗಂಟೆಯ ವಿಸಿಟಿಂಗ್ ಅವರ್‌ಗೆ ಹೊರಡುತ್ತಾರೆ. ಚಿಕ್ಕಮ್ಮನಿಗೆ ಕೀಮೋ ಆಗಿ ಇವತ್ತಿಗೆ ಮೂರನೇ ದಿನ. ಸುಸ್ತು ಹೆಚ್ಚಾಗಿದೆ ಎಂದು ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ. ರೂಮು ಸಣ್ಣದು, ಎಸಿ ಇರುವುದರಿಂದ ಕಿಟಕಿ ಮುಚ್ಚಿದೆ.

ಹೊರಟವಳು ‘ನಾನು ಬೆಳಿಗ್ಗೆ ಒಂದೆರಡು ಸಲ ಸೆಂಟು ಒತ್ತಿದ್ದೆ, ಅದು ಯಾವಾಗಲೋ ಹೋಯಿತು’ ಎಂದುಕೊಂಡಿದ್ದಾಳೆ. ಲೆಕ್ಕ ಹಾಕೋಣ. ಕತ್ತಿನ ಮೇಲಿನದ್ದು ಬಹುಪಾಲು ಹೋಗಿದೆ, ನಿಜ. ಆದರೆ ಸೆರಗಿನ ಮೇಲೆ ಬಿದ್ದದ್ದು ರೇಷ್ಮೆಯಲ್ಲಿ ಉಳಿದಿದೆ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ್ದಾರೆ. ಅತ್ತರು ಹಾಕಿಕೊಂಡ ಸೋದರಮಾವ ಅಪ್ಪಿಕೊಂಡು ಮಾತಾಡಿಸಿದ್ದಾರೆ. ಮುಡಿಯಲ್ಲಿ ಎರಡು ಮೊಳ ಮಲ್ಲಿಗೆ ಇದೆ. ಕೂದಲಲ್ಲಿ ಹೋಮದ ಹೊಗೆ ಕೂತಿದೆ, ಊಟದ ಹಾಲ್‌ನ ಕರಿದ ಎಣ್ಣೆಯ ವಾಸನೆ ಕೂತಿದೆ. ಬಾಯಲ್ಲಿ ಬೀಡಾದ ಏಲಕ್ಕಿ, ಲವಂಗ. ಸೆಂಟು ಇವುಗಳಲ್ಲಿ ಒಂದು ಮಾತ್ರ.

ಮಲ್ಲಿಗೆಯ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ, ಯಾಕೆಂದರೆ ಅದು ‘ನ್ಯಾಚುರಲ್’. ಮೂಗಿಗೆ ಆ ಭೇದವಿಲ್ಲ. ಮಲ್ಲಿಗೆಯ ಪರಿಮಳವೂ ಹತ್ತಾರು ರಾಸಾಯನಿಕಗಳದ್ದೇ. ಅದರಲ್ಲಿ ಇಂಡೋಲ್ ಎಂಬುದೂ ಇದೆ, ಒಂದಿಷ್ಟಿದ್ದರೆ ಹೂವಿನ ಘಮಕ್ಕೆ ಆಳ ಕೊಡುತ್ತದೆ, ಹೆಚ್ಚಾದರೆ ಮಲದ ವಾಸನೆ ಹೊಡೆಯುತ್ತದೆ. ಮುಚ್ಚಿದ ರೂಮಿನಲ್ಲಿ ಬಾಡತೊಡಗಿದ ಎರಡು ಮೊಳ ಮಲ್ಲಿಗೆ ಒಂದು ಬಾಟಲಿ ಸೆಂಟಿಗಿಂತ ಕಡಿಮೆಯೇನಲ್ಲ.

ಇನ್ನು ಪರಿಹಾರ. ಎಲ್ಲಕ್ಕಿಂತ ಫಲ ಕೊಡುವುದು ಬಟ್ಟೆ ಬದಲಿಸುವುದು. ಮದುವೆಗೆ ಹೊರಡುವಾಗಲೇ ಒಂದು ಜೊತೆ ಹಳೆಯ ಕಾಟನ್ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಇಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಛತ್ರದಲ್ಲೇ ಸೀರೆ ಬಿಚ್ಚಿ ಬೇರೆ ಚೀಲಕ್ಕೆ ಹಾಕಿ ಕಾರಿನಲ್ಲಿ ಬಿಡಬೇಕು, ವಾರ್ಡಿಗೆ ತರಬಾರದು. ಹೂವು ತೆಗೆದು ಕೂದಲನ್ನು ಒದ್ದೆ ಟವೆಲಿನಲ್ಲಿ ಒರೆಸಿ ಗಂಟು ಕಟ್ಟಬೇಕು. ಕತ್ತು, ಕಿವಿಯ ಹಿಂಭಾಗ, ಮಣಿಕಟ್ಟುಗಳನ್ನು ಸೋಪಿನಿಂದ ಎರಡು ಸಲ ತೊಳೆಯಬೇಕು. ಎಣ್ಣೆಯ ಅತ್ತರನ್ನು ಬಿಡಿಸುವುದು ಸೋಪು ಮಾತ್ರ. ಬಾಯಿ ಮುಕ್ಕಳಿಸಬೇಕು.

ವಾರ್ಡಿನ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳಬೇಕಾದದ್ದೇ, ಅದನ್ನು ಬಿಡುವಂತಿಲ್ಲ. ಆದರೆ ಅದು ಪೂರ್ತಿ ಆರುವವರೆಗೆ ಹೊರಗೇ ನಿಂತು ಆಮೇಲೆ ಒಳಗೆ ಹೋಗಿ. ಒದ್ದೆ ಕೈಯಲ್ಲಿ ಮುಖದ ಹತ್ತಿರ ಹೋದರೆ ಕೀಮೋ ರೋಗಿಗೆ ಅದೇ ಸ್ಪಿರಿಟ್ಟಿನ ನೆನಪು. ಒಳಗೆ ಹೋದ ಮೇಲೆ ತಲೆಯ ಕಡೆ ಕೂರದೆ ಕಾಲಿನ ಕಡೆ ಕೂರಬೇಕು. ಎಸಿಯ ಗಾಳಿ ನಿಮ್ಮನ್ನು ಹಾದು ರೋಗಿಯ ಕಡೆಗೆ ಹೋಗುವಂತಿದ್ದರೆ ಜಾಗ ಬದಲಿಸಬೇಕು. ಹತ್ತು ನಿಮಿಷ ಸಾಕು.

ಬಟ್ಟೆ ಬದಲಿಸಲು ಆಗದೇ ಹೋದರೆ? ಬಾಗಿಲಲ್ಲೇ ನಿಂತು ಮುಖ ತೋರಿಸಿ, ಜೊತೆಗಿದ್ದವರನ್ನು ಹೊರಗೆ ಕರೆದು ಮಾತಾಡಿಸಿ ಬರಬಹುದು. ‘ಚಿಕ್ಕಮ್ಮ, ಮದುವೆ ಮನೆಯಿಂದ ಹಾಗೇ ಬಂದಿದೀನಿ, ಹತ್ತಿರ ಬರಲ್ಲ, ನಿಮಗೆ ವಾಸನೆ ಆಗಲ್ಲ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಾಡಬಾರದ ಕೆಲಸ ಒಂದೇ: ಬೆವರಿನ ಮೇಲೆ ಇನ್ನೊಂದು ಸಲ ಸೆಂಟು ಹೊಡೆದುಕೊಂಡು ಹೋಗುವುದು. ಸಿಗರೇಟು ಸೇದಿ ಬಂದು ಅದನ್ನು ಮುಚ್ಚಲು ಸೆಂಟು ಹಾಕಿಕೊಳ್ಳುವವರು ಎರಡು ಪಟ್ಟು ತೊಂದರೆ ತರುತ್ತಾರೆ.

ಬಸ್ಸಿನಲ್ಲಿ ಬೆವರಿ ಬರುವವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಬೆವರಿನ ನಾತಕ್ಕಿಂತ ಸೆಂಟು ಮೇಲಲ್ಲವೇ? ಆಸ್ಪತ್ರೆಯ ಶೌಚಾಲಯದಲ್ಲಿ ಒದ್ದೆ ಕರ್ಚೀಫಿನಿಂದ ಕಂಕುಳು ಒರೆಸಿಕೊಂಡು ಬನಿಯನ್ನು ಬದಲಿಸಿದರೆ ಬೆವರಿನ ಮಾತು ಬಹುಮಟ್ಟಿಗೆ ಮುಗಿಯುತ್ತದೆ. ಕಟಿಂಗ್ ಶಾಪಿನಲ್ಲಿ ಗಡ್ಡ ಬೋಳಿಸಿದ ಮೇಲೆ ಉಜ್ಜುವ ಪಟಿಕವನ್ನು ಒದ್ದೆ ಮಾಡಿ ಕಂಕುಳಿಗೆ ಸವರಿಕೊಂಡರೆ ಗಂಟೆಗಟ್ಟಲೆ ವಾಸನೆ ಬಾರದು, ಅದಕ್ಕೆ ತನ್ನದೇ ಪರಿಮಳವೂ ಇಲ್ಲ.

ಆಕ್ಸಿಜನ್ ಹತ್ತಿರ ಬೇಡ

ಇದು ಶಿಷ್ಟಾಚಾರಕ್ಕಿಂತ ಅಪಾಯದ ಮಾತು. ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟುಕೊಂಡ ವೃದ್ಧರು ಈಗ ಬಹಳ ಮಂದಿ ಇದ್ದಾರೆ. ಆಕ್ಸಿಜನ್ ತಾನು ಉರಿಯುವುದಿಲ್ಲ, ಉರಿಯುವುದಕ್ಕೆ ಬಲ ಕೊಡುತ್ತದೆ. ಮೂಗಿನ ಕೊಳವೆಯಿಂದ ಸೋರಿದ್ದು ಹೊದಿಕೆಯಲ್ಲಿ, ದಿಂಬಿನಲ್ಲಿ, ಕೂದಲಲ್ಲಿ ಸೇರಿಕೊಂಡಿರುತ್ತದೆ. ಬಾಡಿ ಸ್ಪ್ರೇ ಡಬ್ಬಿಯಲ್ಲಿ ದೂಡುವ ಗ್ಯಾಸಾಗಿ ಇರುವುದು ಸಾಮಾನ್ಯವಾಗಿ ಅಡುಗೆ ಗ್ಯಾಸಿನ ಜಾತಿಯ ಬ್ಯುಟೇನ್, ಪ್ರೊಪೇನ್. ರೂಮು ವಾಸನೆ ಬರುತ್ತಿದೆ ಎಂದು ಮಂಚದ ಪಕ್ಕ ಸ್ಪ್ರೇ ಹೊಡೆದು, ಅಜ್ಜನ ಆಯುಷ್ಯಕ್ಕೆಂದು ಅಲ್ಲೇ ಒಂದು ಊದಿನಕಡ್ಡಿ ಹಚ್ಚಿದರೆ ಬೆಂಕಿಗೆ ಬೇಕಾದದ್ದೆಲ್ಲ ಒಂದೇ ಕಡೆ ಸೇರಿದಂತೆ. ದೀಪ, ಊದಿನಕಡ್ಡಿ, ಬೆಂಕಿಕಡ್ಡಿ ಎಲ್ಲವೂ ಆಕ್ಸಿಜನ್ನಿನಿಂದ ಕನಿಷ್ಠ ಹತ್ತು ಅಡಿ ದೂರ ಇರಬೇಕು. ದೇವರ ಗೂಡು ಅದೇ ರೂಮಿನಲ್ಲಿದ್ದರೆ ದೇವರನ್ನೇ ಸ್ವಲ್ಪ ದಿನ ಬೇರೆ ಕಡೆ ಕೂರಿಸಬಹುದು.

ಊದಿನಕಡ್ಡಿಯ ಹೊಗೆಯೂ ಹೊಗೆಯೇ. ಎದೆರೋಗದವರ ಮಟ್ಟಿಗೆ ಅದು ಸೆಂಟಿಗಿಂತ ಕೆಟ್ಟದ್ದು.

ಇನ್ನೊಂದು ಸಂಗತಿ ಹೊರಗಿನವರಿಗೆ ತಿಳಿದಿರುವುದಿಲ್ಲ. ದಾದಿಯರೂ ವೈದ್ಯರೂ ಮೂಗಿನಿಂದಲೂ ಕೆಲಸ ಮಾಡುತ್ತಾರೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದಾಗ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬರುತ್ತದೆ. ಗಾಯದಲ್ಲಿ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಸೇರಿದರೆ ದ್ರಾಕ್ಷಿಯಂಥ ಸಿಹಿ ವಾಸನೆ. ಡ್ರೆಸಿಂಗ್ ಬಿಚ್ಚಿದ ಕೂಡಲೇ ಅನುಭವಿ ಸಿಸ್ಟರ್‌ಗೆ ಅದು ತಿಳಿಯುತ್ತದೆ. ‘ನಾತ ಬರುತ್ತಿದೆ’ ಎಂದು ಮನೆಯವರು ಬ್ಯಾಂಡೇಜಿನ ಮೇಲೆ ಸೆಂಟು ಸಿಂಪಡಿಸಿದರೆ ಮುಚ್ಚಿಹೋಗುವುದು ಈ ಸುಳಿವು. ನಾತ ಹೊಸದಾಗಿ ಶುರುವಾಗಿದ್ದರೆ ಅದನ್ನು ಹೇಳಬೇಕು, ಮರೆಸಬಾರದು.

ಅಜ್ಜಿಯ ಮೂಗು ಸೋತಿರಬಹುದು

ವೃದ್ಧರ ಕಥೆ ಒಂದು ಬಗೆಯಲ್ಲಿ ತಲೆಕೆಳಗು. ರಿಚರ್ಡ್ ಡೋಟಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ 65ರಿಂದ 80ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, 80 ದಾಟಿದವರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜನರಿಗೆ ವಾಸನೆ ಗುರುತಿಸುವ ಶಕ್ತಿ ಬಹಳ ಕುಗ್ಗಿರುತ್ತದೆ. ಅಂದರೆ ನಿಮ್ಮ ಸೆಂಟು ಅಜ್ಜಿಗೆ ತಿಳಿಯದೇ ಇರಬಹುದು. ಹಾಗೆಂದು ತೊಂದರೆ ಇಲ್ಲವೆಂದಲ್ಲ. ಮೂಗಿನ ಶಕ್ತಿ ಕುಗ್ಗಿದರೂ ಶ್ವಾಸಕೋಶ ಘಾಟಿಗೆ ಸ್ಪಂದಿಸುವುದು ನಿಂತಿರುವುದಿಲ್ಲ. ಅಜ್ಜಿ ಕೆಮ್ಮುತ್ತಾರೆ, ಯಾಕೆ ಕೆಮ್ಮು ಬಂತು ಎಂದು ಅವರಿಗೇ ಗೊತ್ತಾಗುವುದಿಲ್ಲ. ‘ವಾಸನೆ ಬರ್ತಿದೆಯಾ ಅಜ್ಜಿ’ ಎಂದು ಕೇಳಿ ‘ಇಲ್ಲ ಮಗು’ ಎಂಬ ಉತ್ತರ ಪಡೆದು ನೆಮ್ಮದಿಯಾಗುವಂತಿಲ್ಲ.

ಅದೇ ಕಾರಣಕ್ಕೆ ವಯಸ್ಸಾದವರು ತಾವೇ ಪೌಡರು, ಸೆಂಟು ಹೆಚ್ಚು ಸುರಿದುಕೊಳ್ಳುವುದೂ ಉಂಟು. ಅವರಿಗೆ ಅದು ಮೊದಲಿನಷ್ಟೇ ಅನ್ನಿಸುತ್ತದೆ. ನಗಬಾರದು.

ಮರೆವಿನ ಕಾಯಿಲೆ ಇರುವವರನ್ನು ನೋಡಲು ಹೋಗುವಾಗ ನಾನು ನಿಯಮವನ್ನು ಸ್ವಲ್ಪ ಸಡಿಲಿಸುತ್ತೇನೆ. ವಾಸನೆಯ ನರಗಳು ಮೆದುಳಿನಲ್ಲಿ ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಕೂಡಿಕೊಂಡಿವೆ. ಹೆಸರು ಮರೆತವರಿಗೂ ಮಗಳು ಮೂವತ್ತು ವರ್ಷದಿಂದ ಹಚ್ಚುವ ಅದೇ ಪೌಡರಿನ ವಾಸನೆ ಪರಿಚಿತ ಅನ್ನಿಸಬಹುದು. ಎದೆರೋಗ ಇಲ್ಲದಿದ್ದರೆ ಅದನ್ನು ಬಿಡಬೇಕಿಲ್ಲ. ದುಬೈಯಿಂದ ತಂದ ಹೊಸ ಸೆಂಟು ಮಾತ್ರ ಅಲ್ಲಿ ಬೇಡ.

ಸಾವಿನ ಮನೆಯಲ್ಲಿ ಪರಿಮಳ ಯಾರದು?

ಸಾವಿನ ಮನೆಯಲ್ಲಿ ಸುಗಂಧಕ್ಕೆ ನಿಷೇಧವಿಲ್ಲ. ಅಲ್ಲಿ ಅದು ತುಂಬಿಯೇ ಇರುತ್ತದೆ. ಆದರೆ ಅದು ಸತ್ತವರಿಗೆ ಸಲ್ಲುವುದು, ಬದುಕಿರುವವರಿಗಲ್ಲ. ನಮ್ಮ ನಾಡಿನ ಬೇರೆ ಬೇರೆ ಸಮುದಾಯಗಳು ಈ ಒಂದು ವಿಷಯದಲ್ಲಿ ಎಷ್ಟು ಹತ್ತಿರವಾಗಿವೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ.

ಹಿಂದೂ ಮನೆಗಳಲ್ಲಿ ದೇಹಕ್ಕೆ ಸ್ನಾನ ಮಾಡಿಸಿ ಗಂಧವೋ ವಿಭೂತಿಯೋ ಹಚ್ಚಿ, ಹಾರ ಹಾಕಿ, ತಲೆಯ ಬಳಿ ಕಟ್ಟುಗಟ್ಟಲೆ ಊದಿನಕಡ್ಡಿ ಹಚ್ಚುತ್ತಾರೆ. ಅನುಕೂಲವಿದ್ದವರು ಚಿತೆಗೆ ಒಂದು ಚಕ್ಕೆ ಶ್ರೀಗಂಧ ಇಡುತ್ತಾರೆ. ಆದರೆ ಸೂತಕ ಹಿಡಿದವರು ತಲೆಗೆ ಎಣ್ಣೆಯಿಲ್ಲ, ಹೂವಿಲ್ಲ, ಗಂಧವಿಲ್ಲ ಎಂದು ದಿನ ಕಳೆಯುತ್ತಾರೆ. ಮುಸ್ಲಿಮರಲ್ಲಿ ಮಯ್ಯತ್ತಿನ ಕೊನೆಯ ಸ್ನಾನದ ನೀರಿಗೆ ಕರ್ಪೂರ ಬೆರೆಸುತ್ತಾರೆ, ಕಫನಿಗೆ ಲೋಬಾನದ ಹೊಗೆ ಕೊಡುತ್ತಾರೆ, ನಮಾಜಿನಲ್ಲಿ ನೆಲ ಮುಟ್ಟಿದ ಹಣೆ, ಮೂಗು, ಅಂಗೈ, ಮಂಡಿ, ಪಾದಗಳಿಗೆ ಸುಗಂಧ ಹಚ್ಚುತ್ತಾರೆ. ಗಂಡ ತೀರಿಕೊಂಡ ಹೆಂಗಸು ಮಾತ್ರ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತಿನಲ್ಲಿ ಅತ್ತರು ಮುಟ್ಟುವಂತಿಲ್ಲ. ಉಳಿದ ನೆಂಟರ ಶೋಕ ಮೂರು ದಿನಕ್ಕೆ ಮುಗಿಯಬೇಕು. ಪ್ರವಾದಿಯವರ ಪತ್ನಿ ಉಮ್ಮು ಹಬೀಬಾ ತಂದೆ ತೀರಿಕೊಂಡ ಮೇಲೆ ಸುಗಂಧ ತರಿಸಿ ಹಚ್ಚಿಕೊಂಡರೆಂದು ಹದೀಸಿನಲ್ಲಿದೆ. ಅವರಿಗೆ ಅದರ ಅಗತ್ಯ ಇರಲಿಲ್ಲ, ಶೋಕದ ಅವಧಿ ಮುಗಿಯಿತೆಂದು ಎಲ್ಲರಿಗೂ ತೋರಿಸಬೇಕಿತ್ತು. ಕರಾವಳಿಯ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಪೂಜೆಯ ಕೊನೆಗೆ ಪಾದ್ರಿಗಳು ಶವಪೆಟ್ಟಿಗೆಯ ಸುತ್ತ ಧೂಪ ಹಾಕುತ್ತಾರೆ. ಬಂದವರು ಸಾದಾ ಕಪ್ಪು ಇಲ್ಲವೇ ಬಿಳಿ ಬಟ್ಟೆಯಲ್ಲಿರುತ್ತಾರೆ.

ಮೊದಲು ಹಳ್ಳಿಯಲ್ಲಿ ಸಾವಿನ ಸುದ್ದಿ ಬಂದರೆ ಉಟ್ಟ ಬಟ್ಟೆಯಲ್ಲೇ ಓಡುತ್ತಿದ್ದರು, ಸೆಂಟಿನ ಪ್ರಶ್ನೆ ಏಳುತ್ತಿರಲಿಲ್ಲ. ಈಗ ಆಫೀಸಿನಿಂದ ನೇರ ಚಿತಾಗಾರಕ್ಕೆ ಹೋಗುತ್ತೇವೆ, ಬೆಳಿಗ್ಗೆ ಮೀಟಿಂಗಿಗೆ ಹಾಕಿಕೊಂಡ ಸೆಂಟಿನ ಸಮೇತ. ಕಷ್ಟ ಯಾರಿಗೆಂದರೆ ಮನೆಯವರಿಗೆ. ದೇಹ ಎತ್ತುವ ತನಕ ಒಲೆ ಹಚ್ಚುವುದಿಲ್ಲವಾದ್ದರಿಂದ ಅವರು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದಾರೆ. ಅತ್ತೂ ಅತ್ತೂ ತಲೆ ಸಿಡಿಯುತ್ತಿದೆ. ಊದಿನಕಡ್ಡಿಯ ಹೊಗೆ ಆಗಲೇ ತುಂಬಿದೆ. ಬಂದವರೆಲ್ಲ ಒಬ್ಬೊಬ್ಬರಾಗಿ ಅಪ್ಪಿಕೊಳ್ಳುತ್ತಾರೆ, ಒಬ್ಬೊಬ್ಬರ ಸೆಂಟೂ ಭುಜದ ಮೇಲೆ ಉಳಿಯುತ್ತದೆ. ನೆನಪಿನ ದಾರಿ ವಾಸನೆಗೆ ಹತ್ತಿರ ಎಂದು ಆಗಲೇ ಹೇಳಿದೆ. ಆ ದಿನ ಮೂಗಿಗೆ ಬಿದ್ದ ಎದ್ದುಕಾಣುವ ಹೊಸ ಪರಿಮಳ ಎಷ್ಟೋ ಮಂದಿಗೆ ವರ್ಷಗಳ ಮೇಲೂ ಆ ದಿನವನ್ನೇ ಎಳೆದು ತರುತ್ತದೆ. ಸೆಂಟು ಹಾಕಿಕೊಂಡೇ ಇದ್ದರೆ ಅಪ್ಪಿಕೊಳ್ಳುವ ಬದಲು ಕೈ ಹಿಡಿದುಕೊಂಡರೆ ಸಾಕು. ಅದಕ್ಕೂ ಮೊದಲು ಕೈ ತೊಳೆದುಕೊಂಡರೆ ಆಯಿತು.

ಹೇಳುವುದು ಹೇಗೆ?

ಕಷ್ಟದ ಕೆಲಸ ಇರುವುದು ಇಲ್ಲಿ. ದೊಡ್ಡಪ್ಪ ಅತ್ತರು ಹಾಕಿಕೊಂಡು ಬಂದಿದ್ದಾರೆ, ರೋಗಿ ಎಂಜಲು ನುಂಗುತ್ತಿದ್ದಾರೆ, ಜೊತೆಗಿರುವ ಮಗ ಏನು ಹೇಳಬೇಕು? ‘ನಿಮ್ಮ ಸೆಂಟು ಜಾಸ್ತಿ’ ಎಂದರೆ ನೆಂಟಸ್ತಿಕೆಗೆ ಪೆಟ್ಟು. ವಾರ್ಡುಗಳಲ್ಲಿ ಜನ ಕಂಡುಕೊಂಡಿರುವ ದಾರಿ ಎಂದರೆ ತಪ್ಪನ್ನು ಔಷಧಿಯ ಮೇಲೆ, ಅಪ್ಪಣೆಯನ್ನು ಸಿಸ್ಟರ್ ಮೇಲೆ ಹಾಕುವುದು. ‘ದೊಡ್ಡಪ್ಪ, ಅಮ್ಮನಿಗೆ ಈ ಔಷಧಿಯಿಂದ ಯಾವ ವಾಸನೆಯೂ ಆಗ್ತಿಲ್ಲ, ಸೋಪಿನ ವಾಸನೆ ಕೂಡ. ಸಿಸ್ಟರ್ ಎಲ್ಲರನ್ನೂ ಹೊರಗಡೆನೇ ಕೂರಿಸಿ ಅಂದಿದ್ದಾರೆ, ಬನ್ನಿ ಕಾಫಿ ಕುಡಿಯೋಣ.’ ಇದರಲ್ಲಿ ಸುಳ್ಳು ಬಹಳ ಇಲ್ಲ. ಹೆಚ್ಚಿನ ಸಿಸ್ಟರ್‌ಗಳು ಕೇಳಿದರೆ ಹಾಗೇ ಹೇಳುತ್ತಾರೆ.

ಇದಕ್ಕಿಂತ ಸುಲಭದ್ದು ಮುಂಚೆಯೇ ತಿಳಿಸುವುದು. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಆಸ್ಪತ್ರೆಯ ಹೆಸರು, ರೂಮ್ ನಂಬರು, ನೋಡುವ ಸಮಯ ಹಾಕುತ್ತೇವಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು: ‘ಸೆಂಟು, ಹೂವು, ಊದಿನಕಡ್ಡಿ ಬೇಡ. ಎಳನೀರು ಪರವಾಗಿಲ್ಲ.’